ಗ್ರಾಮ ಪಂಚಾಯಿತಿಗಳ ಆನ್‌ಲೈನ್ ಪಾವತಿ: ಪಾತ್ರವಾರು ಪ್ರವೇಶ ಮತ್ತು ಕರ್ತವ್ಯಗಳ ಪ್ರತ್ಯೇಕತೆ
(ಕಡೂರು, ತರೀಕೆರೆ ಮತ್ತು ಅಜ್ಜಂಪುರ ತಾಲ್ಲೂಕುಗಳ ಗ್ರಾಮ ಪಂಚಾಯಿತಿಗಳ ಗಮನಕ್ಕೆ)

15ನೇ ಹಣಕಾಸು ಆಯೋಗದ ಅನುದಾನದ ಪಾವತಿಗಳು ಇ-ಗ್ರಾಮಸ್ವರಾಜ್ ತಂತ್ರಾಂಶದಿಂದ ಪಿ.ಎಫ್.ಎಂ.ಎಸ್. ಮೂಲಕ ನೇರವಾಗಿ ಸರಬರಾಜುದಾರರ ಬ್ಯಾಂಕ್ ಖಾತೆಗೆ ಜಮೆಯಾಗುತ್ತವೆ. ಚೆಕ್ಕಿನ ಮೇಲೆ ಜಂಟಿ ಸಹಿ ಇರಬೇಕೆಂಬ ಹಳೆಯ ನಿಯಮದ ಉದ್ದೇಶವೇ ಇಲ್ಲಿಯೂ ಇದೆ. ಪಾವತಿಯನ್ನು ಸಿದ್ಧಪಡಿಸುವವರು ಒಬ್ಬರು (ಮೇಕರ್), ಪರಿಶೀಲಿಸಿ ಅನುಮೋದಿಸುವವರು ಇನ್ನೊಬ್ಬರು (ಚೆಕರ್). ಇಬ್ಬರಿಗೂ ಪ್ರತ್ಯೇಕ ಲಾಗಿನ್ ಮತ್ತು ಪ್ರತ್ಯೇಕ ಡಿಜಿಟಲ್ ಸಹಿಯ ಡಾಂಗಲ್ ಇರುತ್ತದೆ. ಪ್ರತಿ ಲಾಗಿನ್‌ಗೆ ಅದರ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ನೀಡುವುದು ಪಾತ್ರವಾರು ಪ್ರವೇಶ. ಒಂದು ಪಾವತಿಯ ಎಲ್ಲ ಹಂತಗಳೂ ಒಬ್ಬರ ಕೈಗೆ ಸಿಗದಂತೆ ನೋಡಿಕೊಳ್ಳುವುದು ಕರ್ತವ್ಯಗಳ ಪ್ರತ್ಯೇಕತೆ.

ಒಂದು ಉದಾಹರಣೆ

ಕಡೂರು ತಾಲ್ಲೂಕಿನ ಒಂದು ಗ್ರಾಮದಲ್ಲಿ ಕುಡಿಯುವ ನೀರಿನ ಕೊಳವೆಬಾವಿಯ ಮೋಟಾರ್ ಸುಟ್ಟು, ದುರಸ್ತಿಗೆ ರೂ. 48,500 ಬಿಲ್ಲು ಬಂದಿದೆ ಎಂದು ಭಾವಿಸೋಣ. ಮೊದಲು ಸರಬರಾಜುದಾರರ ಹೆಸರು ಹಾಗೂ ಖಾತೆ ಸಂಖ್ಯೆ ನೋಂದಣಿಯಾಗಬೇಕು. ನಂತರ ಮೇಕರ್ ವೋಚರ್ ಸಿದ್ಧಪಡಿಸಿ ಸಹಿ ಮಾಡುತ್ತಾರೆ. ಕೊನೆಗೆ ಚೆಕರ್ ಸಹಿ ಮಾಡಿದ ಮೇಲೆ ಹಣ ಹೊರಡುತ್ತದೆ. ಪಿ.ಎಫ್.ಎಂ.ಎಸ್. ಪರಿಶೀಲಿಸುವುದು ಖಾತೆಯ ವಿವರ ಬ್ಯಾಂಕಿನ ದಾಖಲೆಗೆ ಹೊಂದುತ್ತದೆಯೇ ಎಂಬುದನ್ನು ಮಾತ್ರ. ಮೋಟಾರ್ ನಿಜವಾಗಿಯೂ ದುರಸ್ತಿಯಾಯಿತೇ, ಇದೇ ಬಿಲ್ಲಿಗೆ ಹಿಂದೆಯೇ ಹಣ ಸಂದಾಯವಾಗಿದೆಯೇ ಎಂಬುದು ಅದಕ್ಕೆ ತಿಳಿಯದು. ಅದನ್ನು ತಿಳಿಯಬೇಕಾದವರು ಬಿಲ್ಲು ಮತ್ತು ಅಳತೆ ಪುಸ್ತಕವನ್ನು ಕೈಯಲ್ಲಿ ಹಿಡಿದು ಸಹಿ ಮಾಡುವ ಚೆಕರ್.

ಈಗ ಎರಡೂ ಡಾಂಗಲ್‌ಗಳು ಕಚೇರಿಯ ಒಂದೇ ಮೇಜಿನ ಖಾನೆಯಲ್ಲಿವೆ, ಎರಡರ ಪಿನ್‌ಗಳೂ ಡಾಟಾ ಎಂಟ್ರಿ ಆಪರೇಟರ್‌ಗೆ ಗೊತ್ತಿವೆ ಎಂದುಕೊಳ್ಳೋಣ. ಆಗ ಆಪರೇಟರ್ ಒಬ್ಬರೇ ಪರಿಚಿತರ ಖಾತೆಯನ್ನು ಸರಬರಾಜುದಾರರೆಂದು ಸೇರಿಸಿ, ಅದೇ ಬಿಲ್ಲಿಗೆ ಎರಡನೆಯ ವೋಚರ್ ಮಾಡಿ, ಎರಡೂ ಸಹಿಗಳನ್ನು ಒತ್ತಬಹುದು. ದಾಖಲೆಯಲ್ಲಿ ಇಬ್ಬರು ಅನುಮೋದಿಸಿದ್ದಾರೆ; ವಾಸ್ತವದಲ್ಲಿ ಯಾರೂ ಪರಿಶೀಲಿಸಿಲ್ಲ. ತಂತ್ರಾಂಶವು ಡಾಂಗಲನ್ನು ಗುರುತಿಸುತ್ತದೆಯೇ ಹೊರತು ಅದನ್ನು ಹಿಡಿದ ಕೈಯನ್ನಲ್ಲ.

ಇಂಥ ಸಂದರ್ಭದಲ್ಲಿ ಹೊಣೆ ಮೊದಲು ಬರುವುದು ಡಾಂಗಲ್ ಯಾರ ಹೆಸರಿನಲ್ಲಿದೆಯೋ ಅವರ ಮೇಲೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 42ನೇ ಪ್ರಕರಣದಂತೆ ತಮ್ಮ ಸಹಿಯ ಖಾಸಗಿ ಕೀಲಿಯನ್ನು ಕಾಪಾಡಿಕೊಳ್ಳುವುದು ಪ್ರಮಾಣಪತ್ರ ಪಡೆದವರ ಕರ್ತವ್ಯ. ಅದು ಅನ್ಯರ ಕೈ ಸೇರಿದರೆ ಪ್ರಮಾಣಪತ್ರ ನೀಡಿದ ಪ್ರಾಧಿಕಾರಕ್ಕೆ ವಿಳಂಬವಿಲ್ಲದೆ ತಿಳಿಸಬೇಕು. ತಿಳಿಸುವವರೆಗೆ ಹೊಣೆ ಅವರದೇ.

ಪತ್ತೆ ಹಚ್ಚುವ ಬಗೆ

ಸಹಿಗಳ ಸಮಯ ಲಭ್ಯವಿರುವಲ್ಲಿ ಎರಡನ್ನೂ ಹೋಲಿಸಿ ನೋಡಬೇಕು. ಹತ್ತಾರು ವೋಚರ್‌ಗಳಿಗೆ ಎರಡೂ ಸಹಿಗಳು ಒಂದೆರಡು ನಿಮಿಷಗಳ ಅಂತರದಲ್ಲಿ ಬಿದ್ದಿದ್ದರೆ, ಅಥವಾ ಚೆಕರ್ ಊರಿನಲ್ಲಿಲ್ಲದ ದಿನ ಅವರ ಸಹಿ ಬಿದ್ದಿದ್ದರೆ, ಡಾಂಗಲ್ ಬೇರೆಯವರ ಬಳಿ ಇದೆ ಎಂಬ ಅನುಮಾನ ಸಹಜ. ಎರಡು ಹೆಸರುಗಳಿಗೆ ಒಂದೇ ಖಾತೆ ಸಂಖ್ಯೆ ಇರುವುದು, ಪಾವತಿಗೆ ಕೆಲವೇ ದಿನ ಮೊದಲು ಖಾತೆ ಸಂಖ್ಯೆ ಬದಲಾಗಿರುವುದು ಇತರ ಸೂಚನೆಗಳು. ಇವುಗಳಿಂದ ವಂಚನೆ ಸಾಬೀತಾಗುವುದಿಲ್ಲ. ಆದರೆ ಆ ವೋಚರ್‌ಗಳ ಮೂಲ ಬಿಲ್ಲನ್ನು ತೆಗೆಸಿ ನೋಡಲು ಇಷ್ಟು ಸಾಕು.

ವರ್ಗಾವಣೆ ಮತ್ತು ಸಿಬ್ಬಂದಿ ಕೊರತೆ

ಪಾತ್ರವು ಹುದ್ದೆಗೆ ಸೇರಿದ್ದು, ವ್ಯಕ್ತಿಗಲ್ಲ. ಅಭಿವೃದ್ಧಿ ಅಧಿಕಾರಿ ವರ್ಗಾವಣೆಯಾದಾಗ ಅಥವಾ ಅಧ್ಯಕ್ಷರು ಬದಲಾದಾಗ ಹಳೆಯ ಸಹಿಯನ್ನು ತಂತ್ರಾಂಶದಿಂದ ತೆಗೆಯದಿದ್ದರೆ, ಅಧಿಕಾರವಿಲ್ಲದವರ ಕೀಲಿ ಖಜಾನೆಗೆ ಹೊಂದುತ್ತಲೇ ಇರುತ್ತದೆ. ತರೀಕೆರೆಯಿಂದ ಬೇರ್ಪಟ್ಟು ಅಜ್ಜಂಪುರ ತಾಲ್ಲೂಕು ರಚನೆಯಾದಂತಹ ಆಡಳಿತಾತ್ಮಕ ಬದಲಾವಣೆಗಳ ನಂತರವೂ ಯಾವ ಲಾಗಿನ್ ಯಾರಲ್ಲಿದೆ ಎಂಬ ಪಟ್ಟಿಯನ್ನು ಮರುಪರಿಶೀಲಿಸುವುದು ಅಗತ್ಯ.

ಒಬ್ಬ ಅಧಿಕಾರಿ ಎರಡು ಪಂಚಾಯಿತಿಗಳ ಪ್ರಭಾರದಲ್ಲಿರುವೆಡೆ ಪ್ರತಿ ಹಂತಕ್ಕೂ ಪ್ರತ್ಯೇಕ ಸಿಬ್ಬಂದಿ ಸಿಗುವುದು ಕಷ್ಟ. ಅಂಥಲ್ಲಿ ಸರಬರಾಜುದಾರರ ನೋಂದಣಿ ಮತ್ತು ಅಂತಿಮ ಅನುಮೋದನೆ, ಇವೆರಡನ್ನಾದರೂ ಬೇರೆ ಬೇರೆ ಕೈಗಳಲ್ಲಿ ಇಡಬೇಕು. ಪಾವತಿಯಲ್ಲಿ ಪಾಲ್ಗೊಳ್ಳದ ಒಬ್ಬರು ತಿಂಗಳಿಗೊಮ್ಮೆ ಬ್ಯಾಂಕ್ ವಿವರಣೆಯನ್ನು ನಗದು ಪುಸ್ತಕದೊಂದಿಗೆ ತಾಳೆ ನೋಡಬೇಕು. ಇಬ್ಬರು ಸಹಿದಾರರು ಕೂಡಿಕೊಂಡು ಮಾಡುವ ಅಕ್ರಮವನ್ನು ಈ ವ್ಯವಸ್ಥೆ ತಡೆಯಲಾರದು. ಅದಕ್ಕೆ ಲೆಕ್ಕಪರಿಶೋಧನೆ ಮತ್ತು ಪಾವತಿ ಪಟ್ಟಿಯನ್ನು ಸಾಮಾನ್ಯ ಸಭೆಯ ಮುಂದೆ ಓದುವುದೇ ದಾರಿ.

ಆದುದರಿಂದ, ಪ್ರತಿ ಸಹಿದಾರರು ತಮ್ಮ ಡಾಂಗಲನ್ನು ತಮ್ಮ ವಶದಲ್ಲೇ ಇರಿಸಿಕೊಳ್ಳುವುದು, ಪಿನ್ ಅನ್ನು ಬದಲಿಸಿ ಯಾರಿಗೂ ತಿಳಿಸದಿರುವುದು, ಹಾಗೂ ಪ್ರಭಾರ ಹಸ್ತಾಂತರ ಪಟ್ಟಿಯಲ್ಲಿ ಡಾಂಗಲ್ ಮತ್ತು ಲಾಗಿನ್‌ಗಳ ವಿವರವನ್ನು ಕಡ್ಡಾಯವಾಗಿ ನಮೂದಿಸುವುದು.