ರಿಫರ್ಬಿಶ್ಡ್ ಫೋನ್: ನಂಬಿಕೆ ಹುಟ್ಟುವುದು ವಿವರದಿಂದ

ರಿಫರ್ಬಿಶ್ಡ್ ಫೋನ್ ಮಾರುವವರೆಲ್ಲ ‘ಹೊಸದರಂತಿದೆ’ ಎನ್ನುತ್ತಾರೆ. ಹೊರಗಿನ ಗೀರು ಫೋಟೊದಲ್ಲಿ ಕಾಣುತ್ತದೆ, ಒಳಗೆ ಸೊರಗಿದ ಬ್ಯಾಟರಿ ಕಾಣುವುದಿಲ್ಲ. ಗ್ರಾಹಕರ ಅನುಮಾನವೆಲ್ಲ ಅಲ್ಲೇ ಇದೆ.

ಒಂದು ಬಳಸಿದ ಐಫೋನ್ ಮಾರಾಟಕ್ಕಿದೆ ಎನ್ನಿ. ‘ಎ ಗ್ರೇಡ್’ ಎಂದಷ್ಟೇ ಬರೆದರೆ ಸಾಲದು. ಬ್ಯಾಟರಿ ಸಾಮರ್ಥ್ಯ 86%, ಸ್ಕ್ರೀನ್ ಬದಲಾಗಿದೆ, ಅದು ಕಂಪನಿಯದಲ್ಲ ಎಂದು ಆ ಫೋನಿನ ಪುಟದಲ್ಲೇ ಬರೆಯಬೇಕು. ಇತ್ತೀಚಿನ ಐಫೋನ್‌ಗಳ ಸೆಟ್ಟಿಂಗ್ಸ್‌ನಲ್ಲಿ ಇವೆರಡನ್ನೂ ಗ್ರಾಹಕರೇ ನೋಡಬಹುದು. ಬರೆದದ್ದೂ ಕಂಡದ್ದೂ ಒಂದೇ ಆದರೆ ಉಳಿದ ಮಾತನ್ನೂ ನಂಬುತ್ತಾರೆ. ಕೊರತೆಯನ್ನು ಮೊದಲೇ ಹೇಳುವುದರಿಂದ ಒಂದೆರಡು ಮಾರಾಟ ತಪ್ಪಬಹುದು, ಆದರೆ ವಾಪಸಾಗುವ ಫೋನ್‌ಗಳೂ ಕಡಿಮೆಯಾಗುತ್ತವೆ.

ವಾರಂಟಿಯ ಕಥೆಯೂ ಇದೇ. ‘6 ತಿಂಗಳು’ ಎಂದು ದಪ್ಪಕ್ಷರದಲ್ಲಿ ಹಾಕಿ, ಬ್ಯಾಟರಿ, ಸ್ಕ್ರೀನ್ ಸೇರಿಲ್ಲ ಎಂದು ಸಣ್ಣಕ್ಷರದಲ್ಲಿ ಹಾಕಿದರೆ ಹೆಸರು ಕೆಡುತ್ತದೆ. ರಿಪೇರಿ ಯಾರ ಹೊಣೆ, ಕೊರಿಯರ್ ಖರ್ಚು ಯಾರದು, ಸರಿಹೋಗದಿದ್ದರೆ ಹಣ ಎಷ್ಟು ದಿನದಲ್ಲಿ ಬರುತ್ತದೆ ಎಂಬುದನ್ನು ಬೆಲೆಯ ಪಕ್ಕದಲ್ಲೇ ಹೇಳಬೇಕು.

ಕೊಳ್ಳುವವರು ಫೋನ್ ಕೈಗೆ ಬಂದ ದಿನವೇ *#06# ಒತ್ತಿ ಐಎಂಇಐ ನೋಡಿ, ಬಿಲ್ಲಿನಲ್ಲಿರುವುದರೊಂದಿಗೆ ಹೋಲಿಸಿ. KYM ಎಂದು ಬರೆದು, ಜಾಗ ಬಿಟ್ಟು ಆ ಸಂಖ್ಯೆ ಸೇರಿಸಿ 14422ಕ್ಕೆ ಎಸ್‌ಎಂಎಸ್ ಕಳಿಸಿ. ಕಳವಾಗಿ ಬ್ಲಾಕ್ ಆದ ಫೋನಾಗಿದ್ದರೆ ತಿಳಿಯುತ್ತದೆ.