ಒಂದೂವರೆ ಟನ್ ಎಸಿಗೆ ಎಷ್ಟು ಯೂನಿಟ್?

ಎಸಿ ಕೊಳ್ಳಲು ಹೋದವರು ಅಂಗಡಿಯಲ್ಲಿ ಕೇಳುವುದು ಎಷ್ಟು ಟನ್, ಎಷ್ಟು ಸ್ಟಾರ್, ಎಷ್ಟು ರೇಟು. ತಿಂಗಳಿಗೆ ಕರೆಂಟ್ ಬಿಲ್ ಎಷ್ಟಾಗುತ್ತದೆ ಎಂದು ಕೇಳಿದರೆ ಮಾತ್ರ ಅಂಗಡಿಯವರು 'ಬಳಸೋದರ ಮೇಲೆ ಸಾರ್' ಎಂದು ಜಾರಿಕೊಳ್ಳುತ್ತಾರೆ. ಮಾತು ಸುಳ್ಳಲ್ಲ. ಆದರೆ ಲೆಕ್ಕ ಹಾಕಲು ಬೇಕಾದ ಅಂಕಿಗಳೆಲ್ಲ ಎಸಿಯ ಮೈಮೇಲೆ ಅಂಟಿಸಿದ ಸ್ಟಾರ್ ಚೀಟಿಯಲ್ಲೇ ಇರುತ್ತವೆ.

ಮೊದಲು ಟನ್ ವಿಷಯ. ಇದು ಯಂತ್ರದ ತೂಕವಲ್ಲ, ಅದು ಎಳೆಯುವ ಕರೆಂಟೂ ಅಲ್ಲ. ಕೋಣೆಗೆ ಮಂಜುಗಡ್ಡೆ ಇಟ್ಟು ತಂಪು ಮಾಡುತ್ತಿದ್ದ ಕಾಲದ ಅಳತೆ ಇದು. ಅಮೆರಿಕದ ಲೆಕ್ಕದ ಒಂದು ಟನ್, ಅಂದರೆ ಸುಮಾರು 907 ಕಿಲೋ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ, ಅದೇ ವೇಗದಲ್ಲಿ ಶಾಖವನ್ನು ಹೊರಹಾಕುವ ಎಸಿಗೆ ಒಂದು ಟನ್ ಎನ್ನುತ್ತಾರೆ. ವ್ಯಾಟ್‌ನಲ್ಲಿ ಹೇಳಿದರೆ 3,517. ಒಂದೂವರೆ ಟನ್ ಎಂದರೆ 5,275 ವ್ಯಾಟ್. ಅಂಗಡಿಯಲ್ಲಿ ಒಂದೂವರೆ ಟನ್ ಎಂದು ಮಾರುವ ಎಷ್ಟೋ ಎಸಿಗಳ ಚೀಟಿಯಲ್ಲಿ 5,000 ಅಥವಾ ಅದಕ್ಕಿಂತ ತುಸು ಕಡಿಮೆಯೇ ಇರುತ್ತದೆ.

ಇದನ್ನು ಕಂಡು ಮನೆಯ ವೈರಿಂಗ್ ಐದು ಕಿಲೋವ್ಯಾಟ್ ತಡೆದೀತೇ ಎಂದು ಗಾಬರಿಯಾಗಬೇಕಿಲ್ಲ. ಎಸಿ ಕರೆಂಟಿನಿಂದ ತಂಪನ್ನು ತಯಾರಿಸುವುದಿಲ್ಲ, ಒಳಗಿನ ಶಾಖವನ್ನು ಎತ್ತಿ ಹೊರಗೆ ಸಾಗಿಸುತ್ತದೆ. ಅದು ತೆಗೆದುಕೊಳ್ಳುವುದು ಸಾಗಣೆಯ ಕೂಲಿ ಮಾತ್ರ. ಒಂದು ಯೂನಿಟ್ ಕರೆಂಟಿಗೆ ಎಷ್ಟು ಯೂನಿಟ್ ಶಾಖ ಸಾಗಿತು ಎಂಬುದನ್ನು ಇಡೀ ವರ್ಷದ ಹವೆಗೆ ಸರಾಸರಿ ಮಾಡಿ ಹೇಳುವ ಅಂಕಿಯೇ ಚೀಟಿಯಲ್ಲಿರುವ ಐಎಸ್‌ಇಇಆರ್. 2022ರ ಜುಲೈಯಲ್ಲಿ ಬಂದ ಪಟ್ಟಿಯಲ್ಲಿ ಮೂರು ಸ್ಟಾರ್‌ಗೆ ಇದು ಕನಿಷ್ಠ 3.8, ಐದು ಸ್ಟಾರ್‌ಗೆ ಕನಿಷ್ಠ 5 ಇರಬೇಕಿತ್ತು. ಈ ಪಟ್ಟಿಯನ್ನು ಆಗಾಗ ಬಿಗಿಗೊಳಿಸುತ್ತಾರೆ. ಹಳೆಯ ಐದು ಸ್ಟಾರ್ ಹೊಸ ನಾಲ್ಕಕ್ಕೋ ಮೂರಕ್ಕೋ ಇಳಿಯುತ್ತದೆ. ಹಾಗಾಗಿ ನಕ್ಷತ್ರ ಎಣಿಸುವ ಬದಲು ಅಂಕಿ ಓದುವುದೇ ಜಾಣತನ.

ಚೀಟಿಯಲ್ಲಿ ವರ್ಷದ ಯೂನಿಟ್ಟನ್ನೂ ಅಚ್ಚು ಹಾಕಿರುತ್ತಾರೆ. ಅದು 1,600 ಗಂಟೆಗಳ ಬಳಕೆಯ ಲೆಕ್ಕ. ಐಎಸ್‌ಇಇಆರ್ 3.9 ಇರುವ ಮೂರು ಸ್ಟಾರ್ ಎಸಿಗೆ 960 ಯೂನಿಟ್, 5.05 ಇರುವ ಐದು ಸ್ಟಾರ್‌ಗೆ 740 ಯೂನಿಟ್ ಎಂದಿದೆ ಎಂದುಕೊಳ್ಳಿ. 1,600ರಿಂದ ಭಾಗಿಸಿದರೆ ಗಂಟೆಗೆ 0.6 ಮತ್ತು ಸುಮಾರು 0.46 ಯೂನಿಟ್. ಮಂಗಳೂರಿನ ಮನೆಯೊಂದರಲ್ಲಿ ರಾತ್ರಿ ಎಂಟು ಗಂಟೆಯಂತೆ ತಿಂಗಳಿಗೆ 240 ಗಂಟೆ ಓಡಿಸಿದರೆ, ಒಂದಕ್ಕೆ 144, ಇನ್ನೊಂದಕ್ಕೆ 111 ಯೂನಿಟ್. ಉಳಿತಾಯ 33 ಯೂನಿಟ್. ತೆರಿಗೆ ಎಲ್ಲ ಸೇರಿ ಯೂನಿಟ್‌ಗೆ 7 ರೂಪಾಯಿ ಹಿಡಿದರೆ 231 ರೂಪಾಯಿ. ಜಾಹೀರಾತು ನೋಡಿ ನಂಬಿದವರಿಗೆ ಇದು ನಿರಾಸೆಯ ಮೊತ್ತವೇ.

ಆದರೆ ಕರ್ನಾಟಕದಲ್ಲಿ ಗೃಹಜ್ಯೋತಿ ಇದೆ, ಅಲ್ಲಿ ಲೆಕ್ಕ ತಿರುಗುತ್ತದೆ. ಅರ್ಹತೆಯ ಯೂನಿಟ್ ದಾಟಿದರೂ 200ರೊಳಗಿದ್ದರೆ ಹೆಚ್ಚಿನ ಯೂನಿಟ್‌ಗಷ್ಟೇ ದುಡ್ಡು. 200 ದಾಟಿತೋ, ಪೂರ್ತಿ ಬಿಲ್ ಕಟ್ಟಬೇಕು. ಅದೇ ಮನೆಯಲ್ಲಿ ಎಸಿ ಬಿಟ್ಟು 80 ಯೂನಿಟ್ ಖರ್ಚು, ಅರ್ಹತೆ 90 ಯೂನಿಟ್ ಎನ್ನೋಣ. ಐದು ಸ್ಟಾರ್ ಎಸಿಯೊಂದಿಗೆ ಒಟ್ಟು 191 ಯೂನಿಟ್, ಕಟ್ಟಬೇಕಾದ್ದು 101 ಯೂನಿಟ್‌ಗೆ, 707 ರೂಪಾಯಿ. ಮೂರು ಸ್ಟಾರ್ ಎಸಿಯಾದರೆ ಒಟ್ಟು 224. ಗೆರೆ ದಾಟಿದ್ದರಿಂದ ಅಷ್ಟೂ ಯೂನಿಟ್‌ಗೆ 1,568 ರೂಪಾಯಿ. ಅಂತರ 231ರಿಂದ 861ಕ್ಕೆ ಜಿಗಿಯಿತು.

ಚೀಟಿಯ ಅಂಕಿಗೂ ಮಿತಿಯಿದೆ. ಇನ್ವರ್ಟರ್ ಎಸಿಯ ಉಳಿತಾಯವೆಲ್ಲ ಕಂಪ್ರೆಸರ್ ನಿಧಾನವಾಗಿ ತಿರುಗುವಾಗಿನದು. ಮೇ ತಿಂಗಳ ರಾಯಚೂರಿನಲ್ಲಿ, ಬಿಸಿಲಿಗೆ ಕಾದ ತಾರಸಿಯ ಕೆಳಗೆ, ಅದು ಪೂರ್ಣ ವೇಗದಲ್ಲೇ ಓಡುತ್ತಿದ್ದರೆ ಗಂಟೆಗೆ ಒಂದು ಯೂನಿಟ್ ಮೀರಬಹುದು. ಮೂರು ಮತ್ತು ಐದು ಸ್ಟಾರ್‌ಗಳ ಅಂತರವೂ ಕಿರಿದಾಗುತ್ತದೆ. ದೊಡ್ಡ ಕೋಣೆಗೆ ಒಂದು ಟನ್ ಹಾಕಿ ದುಡ್ಡು ಉಳಿಸಿದೆ ಎಂದುಕೊಂಡವರಿಗೂ ಇದೇ ಗತಿ.

ನಿಮ್ಮ ಎಸಿಯ ನಿಜಸ್ಥಿತಿಯನ್ನು ಮನೆಯ ಮೀಟರೇ ಹೇಳುತ್ತದೆ. ರಾತ್ರಿ ಹತ್ತಕ್ಕೊಮ್ಮೆ, ಬೆಳಗ್ಗೆ ಆರಕ್ಕೊಮ್ಮೆ ರೀಡಿಂಗ್ ಬರೆದಿಡಿ. ಎಸಿ ಹಾಕದ ಒಂದು ರಾತ್ರಿಯೂ ಹಾಗೇ ಮಾಡಿ, ಒಂದರಿಂದ ಇನ್ನೊಂದನ್ನು ಕಳೆಯಿರಿ. ಮೇಲಿನ ಮೂರು ಸ್ಟಾರ್ ಎಸಿಗೆ ಐದು ಯೂನಿಟ್ ಆಸುಪಾಸು ಬರಬೇಕು. ಸೆಕೆ ಅಷ್ಟೇನೂ ಇಲ್ಲದ ರಾತ್ರಿಯೂ, 24 ಡಿಗ್ರಿಗೆ ಇಟ್ಟಿದ್ದರೂ ಎಂಟು ಬಂದರೆ ಫಿಲ್ಟರ್ ಧೂಳು ಹಿಡಿದಿದೆಯೇ, ಹೊರಗಿನ ಘಟಕಕ್ಕೆ ಗಾಳಿ ಆಡುತ್ತಿದೆಯೇ ನೋಡಿ. ಆಮೇಲೂ ಇಳಿಯದಿದ್ದರೆ ಗ್ಯಾಸ್ ಪರೀಕ್ಷಿಸಲು ಮೆಕ್ಯಾನಿಕ್‌ನನ್ನು ಕರೆಸಿ.

ಐದು ಸ್ಟಾರ್‌ಗೆ ಹತ್ತು ಸಾವಿರ ಹೆಚ್ಚು ಕೊಡಬೇಕು ಎಂದಾದರೆ, ತಿಂಗಳಿಗೆ 231ರಂತೆ ವರ್ಷಕ್ಕೆ ಆರು ತಿಂಗಳು ಓಡಿಸುವ ಮಂಗಳೂರಿನವರಿಗೆ ಅದು ತೀರಲು ಏಳು ವರ್ಷ ಬೇಕು. 200ರ ಗೆರೆಯ ಅಂಚಿನಲ್ಲಿರುವ ಮನೆಗೆ ಎರಡೇ ವರ್ಷ ಸಾಕು. ವರ್ಷಕ್ಕೆ ಎರಡು ತಿಂಗಳು ಮಾತ್ರ ಎಸಿ ಹಾಕುವ, 200ರ ಗೆರೆಯ ಚಿಂತೆಯಿಲ್ಲದ ಬೆಂಗಳೂರಿನ ಮನೆಗೆ ಮೂರು ಸ್ಟಾರ್ ಧಾರಾಳ.