ಅರಿಶಿಣದ ಬಣ್ಣ ಉಳಿಯಬೇಕಾದರೆ

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯಲ್ಲಿ ಒಂದು ಮದುವೆ ಮನೆ. ಮುಂದೆ ಹಂದರ ಹಾಕಿದೆ, ಹನ್ನೊಂದು ಗಂಟೆಯ ಬಿಸಿಲು ಅರ್ಧದವರೆಗೆ ಒಳಗೆ ಬಿದ್ದಿದೆ, ಮದುಮಗಳಿಗೆ ಅರಿಶಿಣ ಹಚ್ಚುತ್ತಿದ್ದಾರೆ. ವಿಡಿಯೊ ತೆಗೆಯುವವರು ಕ್ಯಾಮೆರಾದ ಬಣ್ಣದ ಸೆಟ್ಟಿಂಗನ್ನು ಮುಟ್ಟದೆ ಹಾಗೇ ಬಿಟ್ಟಿದ್ದರೆ, ಸಂಜೆ ಕಂಪ್ಯೂಟರಿನಲ್ಲಿ ಹುಡುಗಿಯ ಹಣೆ, ಕೆನ್ನೆ ಒಂದೇ ಹಳದಿ ತೇಪೆಯಾಗಿ ಕಾಣುವ ಸಂಭವ ಹೆಚ್ಚು. ಅತ್ತಿಗೆಯ ಬೆರಳು ಎಳೆದ ಗೆರೆಗಳು ಅಲ್ಲಿಲ್ಲ. ಎಡಿಟಿಂಗ್‌ನಲ್ಲಿ ಬೆಳಕು ತಗ್ಗಿಸಿದರೆ ತೇಪೆ ಮಂಕಾಗುತ್ತದೆ, ಗೆರೆಗಳು ಮಾತ್ರ ಮರಳುವುದಿಲ್ಲ.

ಅರಿಶಿಣದಲ್ಲಿರುವ ಕರ್ಕ್ಯುಮಿನ್ ನೀಲಿ ಬೆಳಕನ್ನು ಹೀರಿಕೊಂಡು ಕೆಂಪು, ಹಸಿರನ್ನು ಹಿಂದಕ್ಕೆ ಕಳಿಸುತ್ತದೆ. ಕ್ಯಾಮೆರಾ ಪ್ರತಿ ಬಿಂದುವಿನ ಬಣ್ಣವನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಸಂಖ್ಯೆಗಳಲ್ಲಿ ಇಡುತ್ತದೆ. ಸಾಮಾನ್ಯ 8 ಬಿಟ್ ವಿಡಿಯೊದಲ್ಲಿ ಒಂದೊಂದು ಸಂಖ್ಯೆಗೂ ಸಿಗುವುದು ಹೆಚ್ಚೆಂದರೆ 256 ಮೆಟ್ಟಿಲು. ಸೆನ್ಸರ್ ಗುರುತಿಸುವ ಬೆಳಕಿನ ಹಂತಗಳು ಇದಕ್ಕಿಂತ ಎಷ್ಟೋ ಹೆಚ್ಚು. ಅವುಗಳಲ್ಲಿ ಯಾವುದನ್ನು ಹೇಗೆ ಈ ಮೆಟ್ಟಿಲುಗಳ ಮೇಲೆ ಕೂರಿಸಬೇಕು ಎಂದು ತೀರ್ಮಾನಿಸುವುದೇ ಪಿಕ್ಚರ್ ಪ್ರೊಫೈಲ್.

ಸ್ಟ್ಯಾಂಡರ್ಡ್ ಪ್ರೊಫೈಲ್ ನೆರಳನ್ನು ಇನ್ನಷ್ಟು ಕಪ್ಪಾಗಿಸಿ, ಬೆಳಕಿದ್ದ ಕಡೆ ಇನ್ನಷ್ಟು ಬೆಳಗಿಸಿ, ಬಣ್ಣವನ್ನು ಗಾಢ ಮಾಡುತ್ತದೆ. ಗಾಢ ಮಾಡುವುದೆಂದರೆ ಆ ಮೂರು ಸಂಖ್ಯೆಗಳನ್ನು ಒಂದರಿಂದೊಂದು ದೂರ ತಳ್ಳುವುದು. ಮೊದಲೇ ಮೇಲಿದ್ದ ಕೆಂಪು 255ಕ್ಕೆ ಬಡಿಯುತ್ತದೆ, ಮೊದಲೇ ಕೆಳಗಿದ್ದ ನೀಲಿ ಸೊನ್ನೆಗೆ ಇಳಿಯುತ್ತದೆ. ಕೆನ್ನೆಯ ಒಂದು ಬಿಂದುವಿಗೆ ಲೆಕ್ಕದ ಪ್ರಕಾರ ಕೆಂಪು 270 ಬರಬೇಕಿತ್ತು, ಪಕ್ಕದ್ದಕ್ಕೆ 290 ಎಂದುಕೊಳ್ಳಿ. ಕಡತದಲ್ಲಿ ಎರಡೂ 255. ನಡುವಿನ ವ್ಯತ್ಯಾಸ ಅಲ್ಲಿಗೇ ಅಳಿಸಿಹೋಯಿತು. ಫ್ಲಾಟ್ ಪ್ರೊಫೈಲಿನಲ್ಲಿ ಅವೇ ಬಿಂದುಗಳು 215, 222ರ ಆಸುಪಾಸಿನಲ್ಲಿ ಉಳಿದುಕೊಳ್ಳುತ್ತವೆ. ಚಿತ್ರ ಪೇಲವವಾಗಿ ಕಾಣುತ್ತದೆ, ಆದರೆ ಆ ಏಳು ಮೆಟ್ಟಿಲ ಅಂತರವನ್ನು ಆಮೇಲೆ ಹಿಗ್ಗಿಸಿಕೊಳ್ಳಬಹುದು.

ಈ ನಷ್ಟವನ್ನು ಶೂಟಿಂಗ್ ಹೊತ್ತಿನಲ್ಲೇ ಕಂಡುಹಿಡಿಯಲು ಹಿಸ್ಟೊಗ್ರಾಮ್ ನೋಡಬೇಕು, ಅದೂ ಮೂರು ಬಣ್ಣಗಳನ್ನು ಬೇರೆಬೇರೆ ತೋರಿಸುವುದನ್ನು. ಒಟ್ಟು ಬೆಳಕಿನ ಗ್ರಾಫ್ ಸರಿಯಾಗಿಯೇ ಕಾಣುತ್ತಿರುತ್ತದೆ. ಕೆಂಪಿನ ಗ್ರಾಫ್ ಮಾತ್ರ ಬಲಗಡೆಯ ಗೋಡೆಗೆ ಅಂಟಿಕೊಂಡು ನಿಂತಿರುತ್ತದೆ. ಕೆಂಪು ರೇಷ್ಮೆ ಸೀರೆಯ ನೆರಿಗೆಗಳು ಮಾಯವಾಗುವುದೂ ಹೀಗೆಯೇ.

ನಿಕಾನ್ 2014ರಲ್ಲಿ ಡಿ810 ಜೊತೆ ‘ಫ್ಲಾಟ್’ ಎಂಬ ಹೆಸರಿನದೇ ಪ್ರೊಫೈಲ್ ತಂದಿತು. ಕ್ಯಾನನ್‌ನಲ್ಲಿ ‘ನ್ಯೂಟ್ರಲ್’ ಆರಿಸಿ ಕಾಂಟ್ರಾಸ್ಟ್, ಶಾರ್ಪ್‌ನೆಸ್ ಪೂರ್ತಿ ಇಳಿಸಿ, ಸ್ಯಾಚುರೇಶನ್ ಒಂದೆರಡು ಮೆಟ್ಟಿಲು ತಗ್ಗಿಸಿದರೆ ಹೆಚ್ಚುಕಡಿಮೆ ಅದೇ ಕೆಲಸವಾಗುತ್ತದೆ. ಆದರೆ ಪ್ರೊಫೈಲ್ ಒಂದೇ ಸಾಲದು. ವೈಟ್ ಬ್ಯಾಲೆನ್ಸ್ ಆಟೊದಲ್ಲಿದ್ದರೆ, ಹಳದಿ ತುಂಬಿದ ದೃಶ್ಯ ಬಂದಾಗ ಕ್ಯಾಮೆರಾ ಅದನ್ನು ದೀಪದ ಬಣ್ಣವೆಂದು ತಿಳಿದು ನೀಲಿ ಬೆರೆಸಬಹುದು. ಒಂದೊಂದು ತುಣುಕಿಗೂ ಒಂದೊಂದು ಹಳದಿ. ಬಿಸಿಲಲ್ಲಾದರೆ 5500 ಕೆಲ್ವಿನ್ ಸುತ್ತಮುತ್ತ ಗಟ್ಟಿಮಾಡಿಕೊಳ್ಳಬೇಕು. ಬಣ್ಣದ ಶಾಮಿಯಾನದ ಕೆಳಗಾದರೆ ಬೂದು ಕಾರ್ಡನ್ನು ಮದುಮಗಳು ಕೂರುವ ಜಾಗದಲ್ಲೇ ಹಿಡಿದು ಅಳೆಯಬೇಕು. ಆಮೇಲೆ ಬಿಸಿಲು ಬಿದ್ದ ಹಣೆಯ ಕೆಂಪು ಗೋಡೆ ಮುಟ್ಟದಂತೆ ಎಕ್ಸ್‌ಪೋಶರ್ ಇಡಬೇಕು. ಬೆಳಕೇ ಮಿತಿಮೀರಿ ಸೆನ್ಸರ್ ತುಂಬಿಹೋದರೆ ಯಾವ ಪ್ರೊಫೈಲೂ ಕಾಪಾಡದು.

ಫ್ಲಾಟ್ ಒಳ್ಳೆಯದಾದರೆ ಲಾಗ್ ಇನ್ನೂ ಒಳ್ಳೆಯದಲ್ಲವೇ ಎಂದು ಹಲವರು ನೇರ ಸೋನಿಯ ಎಸ್-ಲಾಗ್3ಕ್ಕೆ ಹೋಗುತ್ತಾರೆ. 8 ಬಿಟ್ ಕ್ಯಾಮೆರಾದಲ್ಲಿ ಅದು ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಲಾಗ್ ತುಂಬ ಅಗಲವಾದ ಬೆಳಕಿನ ವ್ಯಾಪ್ತಿಯನ್ನು ಅದೇ ಮೆಟ್ಟಿಲುಗಳಲ್ಲಿ ತುರುಕುತ್ತದೆ. ಮೈಬಣ್ಣ ಕೂರುವ ಮಧ್ಯಭಾಗದಲ್ಲಿ ಬೆಳಕು ಎರಡು ಪಟ್ಟಾದರೆ ಟಿ.ವಿ.ಯ ಸಾಮಾನ್ಯ ಮಾನದಲ್ಲಿ ಸುಮಾರು 40 ಮೆಟ್ಟಿಲು ಸಿಗುತ್ತವೆ. ಎಸ್-ಲಾಗ್3ರಲ್ಲಿ ಇಪ್ಪತ್ತಕ್ಕಿಂತ ಕಡಿಮೆ. ಅಷ್ಟನ್ನೇ ಹಿಗ್ಗಿಸಿದಾಗ ಹಿಂದಿನ ಸುಣ್ಣದ ಗೋಡೆಯಲ್ಲಿ, ಆಕಾಶದಲ್ಲಿ ಪಟ್ಟೆ ಪಟ್ಟೆ ಎದ್ದು ಕಾಣುತ್ತದೆ. 10 ಬಿಟ್ ಕ್ಯಾಮೆರಾದಲ್ಲಿ ಅದೇ ಜಾಗಕ್ಕೆ ಸುಮಾರು 78 ಮೆಟ್ಟಿಲು ಇರುವುದರಿಂದ ಲಾಗ್ ಅಲ್ಲಿ ಸಲ್ಲುತ್ತದೆ. ಫೋಟೊದವರು ರಾ ಕಡತದಲ್ಲಿ ತೆಗೆಯುತ್ತಿದ್ದರೆ ಈ ಚಿಂತೆಯೇ ಇಲ್ಲ. ಪ್ರೊಫೈಲ್ ಅಲ್ಲಿ ಪರದೆಯ ಚಿತ್ರವನ್ನೂ ಹಿಸ್ಟೊಗ್ರಾಮನ್ನೂ ಬದಲಿಸುತ್ತದೆ, ಸೆನ್ಸರಿನ ಮಾಹಿತಿಯನ್ನಲ್ಲ.

ಕ್ಯಾಮೆರಾ ಪರದೆಯಲ್ಲಿ ಇಣುಕಿದ ಮನೆಯವರು “ಏನ್ರೀ ಇದು, ಕಲರೇ ಇಲ್ಲ” ಅನ್ನುವುದುಂಟು. ಆಗ ಸ್ಯಾಚುರೇಶನ್ ಏರಿಸಬಾರದು. ಎಡಿಟಿಂಗ್‌ನಲ್ಲಿ ಮೊದಲು ಕರ್ವ್ ಎಳೆದು ಕಾಂಟ್ರಾಸ್ಟ್ ತಂದು, ಆಮೇಲೆ ಬಣ್ಣ ಏರಿಸಿದರೆ ಅರಿಶಿಣವೂ ಬೆರಳ ಗೆರೆಗಳೂ ಒಟ್ಟಿಗೆ ಬರುತ್ತವೆ. ಆದರೆ ಅಂದೇ ರಾತ್ರಿ ಆರತಕ್ಷತೆಯ ಪರದೆಯ ಮೇಲೆ ವಿಡಿಯೊ ಓಡಬೇಕಿದ್ದು, ಬಣ್ಣ ತಿದ್ದಲು ಸಮಯವೇ ಇಲ್ಲದಿದ್ದರೆ, ಸ್ಟ್ಯಾಂಡರ್ಡ್ ಪ್ರೊಫೈಲನ್ನೇ ಇಟ್ಟುಕೊಂಡು ಅದರ ಸ್ಯಾಚುರೇಶನ್ ಮಾತ್ರ ಎರಡು ಮೆಟ್ಟಿಲು ಇಳಿಸಿ ತೆಗೆಯುವುದೇ ಸರಿ.